ನಾಲ್ಕು ನಿಮಿಷದ ಬೀಳ್ಕೊಡುಗೆ ವಿಡಿಯೊ: ನಿವೃತ್ತರಾಗುವ ಮೇಡಂಗಾಗಿ ಸ್ಕ್ರಿಪ್ಟ್ ಬರೆಯುವುದು ಹೇಗೆ

ಶಾಲೆಗಳ ಬೀಳ್ಕೊಡುಗೆ ಸಮಾರಂಭದಲ್ಲಿ ತೋರಿಸುವ ವಿಡಿಯೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅರವತ್ತೋ ಎಂಬತ್ತೋ ಫೋಟೊ, ಒಂದೊಂದಕ್ಕೆ ಎರಡು ಸೆಕೆಂಡು, ಹಿಂದೆ ಗುರುವಿನ ಬಗ್ಗೆ ಒಂದು ಸಿನಿಮಾ ಹಾಡು. ಮೊದಲ ಅರ್ಧ ನಿಮಿಷ ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ, ಆಮೇಲೆ ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಫೋಟೊಗಳಲ್ಲಿ ಏನೂ ಕೊರತೆ ಇರುವುದಿಲ್ಲ. ಯಾವುದು ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಮಾತು ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಮೊದಲೇ ಕೂತು ಯಾರೂ ಬರೆದಿರುವುದಿಲ್ಲ, ಅಷ್ಟೇ. ಎಡಿಟಿಂಗ್ ಆಪ್ ತೆರೆಯುವ ಮುಂಚೆ ಕಾಗದದ ಮೇಲೆ ಆಗಬೇಕಾದ ಆ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬಿಡಿಸಿಡುತ್ತೇನೆ.

ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದುಕೊಳ್ಳೋಣ. ಮಂಡ್ಯ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಗಣಿತದ ಮೇಡಂ 1994ರಲ್ಲಿ ಕೆಲಸಕ್ಕೆ ಸೇರಿ, 60 ತುಂಬಿ, ಮೇ ತಿಂಗಳ ಕೊನೆಗೆ ವಯೋನಿವೃತ್ತಿ ಹೊಂದುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ವಿಡಿಯೊ ಮಾಡಲು ಹೊರಟಿದ್ದಾರೆ. ಕೈಯಲ್ಲಿರುವುದು ಮೊಬೈಲು, ಒಂದು ಲ್ಯಾಪ್‌ಟಾಪು, ಮೂರು ವಾರ ಸಮಯ.

ದಿನ, ಜಾಗ, ಅವಧಿ

ಮೊದಲು ಕೇಳಬೇಕಾದ ಪ್ರಶ್ನೆ ಇದನ್ನು ಎಲ್ಲಿ, ಎಷ್ಟು ಹೊತ್ತಿಗೆ ತೋರಿಸುತ್ತಾರೆ ಎಂಬುದು. ಮೈಸೂರಿನ ಕಲಾಮಂದಿರದಂಥ ಕತ್ತಲೆ ಮಾಡಬಹುದಾದ ಸಭಾಂಗಣ ಬೇರೆ, ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಬೆಳಿಗ್ಗೆ ಹನ್ನೊಂದಕ್ಕೆ ನಡೆಸುವ ಕಾರ್ಯಕ್ರಮ ಬೇರೆ. ಎರಡನೆಯದಾದರೆ ಪ್ರೊಜೆಕ್ಟರ್ ಬೆಳಕು ಹಗಲಿಗೆ ಸಾಲುವುದಿಲ್ಲ. ಆಗ ಶಾಲೆಯ ದೊಡ್ಡ ಕೊಠಡಿಯ ಕಿಟಕಿಗಳಿಗೆ ಬಟ್ಟೆ ಕಟ್ಟಿ ಅಲ್ಲೇ ತೋರಿಸುವುದೋ, ಎಲ್‌ಇಡಿ ಪರದೆ ಬಾಡಿಗೆಗೆ ತರಿಸುವುದೋ ಎಂಬುದು ಈಗಲೇ ತೀರ್ಮಾನವಾಗಬೇಕು.

ಕಾರ್ಯಕ್ರಮದ ಕ್ರಮವನ್ನೂ ಮುಖ್ಯಶಿಕ್ಷಕರಿಂದ ಕೇಳಿ ಬರೆದುಕೊಳ್ಳಿ. ಪ್ರಾರ್ಥನೆ, ಸ್ವಾಗತ, ಗಣ್ಯರ ಮಾತು, ಶಾಲು ಹೊದಿಸಿ ಪೇಟ ತೊಡಿಸಿ ಫಲತಾಂಬೂಲ ಕೊಡುವ ಸನ್ಮಾನ, ಕೊನೆಗೆ ಸನ್ಮಾನಿತರ ಮಾತು, ಆಮೇಲೆ ಊಟ. ವಿಡಿಯೊಗೆ ಒಳ್ಳೆಯ ಜಾಗ ಸನ್ಮಾನಕ್ಕೆ ಸ್ವಲ್ಪ ಮುಂಚೆ. ಆಗ ಮೇಡಂ ಹಾರ, ಪೇಟಗಳ ಭಾರವಿಲ್ಲದೆ ಕೂತಿರುತ್ತಾರೆ. ಅವರನ್ನು ವೇದಿಕೆಯಿಂದ ಇಳಿಸಿ ಮೊದಲ ಸಾಲಿನಲ್ಲಿ ಮನೆಯವರ ಪಕ್ಕ ಕೂರಿಸಬೇಕು, ಯಾಕೆಂದರೆ ಪರದೆ ಸಾಮಾನ್ಯವಾಗಿ ವೇದಿಕೆಯ ಹಿಂಭಾಗದಲ್ಲಿರುತ್ತದೆ. ಇದನ್ನು ನಿರೂಪಣೆ ಮಾಡುವವರಿಗೆ ಮೊದಲೇ ಹೇಳದಿದ್ದರೆ, ಯಾರಿಗಾಗಿ ವಿಡಿಯೊ ಮಾಡಿದಿರೋ ಅವರೇ ಕತ್ತು ತಿರುಗಿಸಿಕೊಂಡು ನೋಡಬೇಕಾಗುತ್ತದೆ. ಊಟದ ಹೊತ್ತಿಗೆ ಹಾಕುತ್ತೇವೆ ಎಂದರೆ ಒಪ್ಪಬೇಡಿ.

ಅವಧಿ ನಾಲ್ಕು ನಿಮಿಷ, ಅಂದರೆ 240 ಸೆಕೆಂಡು. ಭಾಷಣಗಳ ನಡುವೆ ಬರುವ ವಿಡಿಯೊಗೆ ಇದಕ್ಕಿಂತ ಹೆಚ್ಚಿನ ತಾಳ್ಮೆ ಸಭೆಗೆ ಇರುವುದಿಲ್ಲ. ಎರಡೇ ನಿಮಿಷವಾದರೆ ಗ್ರೂಪ್ ಫೋಟೊಗಳಲ್ಲಿ ತಮ್ಮನ್ನು ತಾವು ಹುಡುಕಿಕೊಳ್ಳಲು ಜನರಿಗೆ ಸಮಯ ಸಿಗುವುದಿಲ್ಲ.

ಮೇ ತಿಂಗಳಲ್ಲಿ ನಿವೃತ್ತರಾಗುವವರ ವಿಷಯದಲ್ಲಿ ಒಂದು ಎಚ್ಚರಿಕೆ. ಆ ತಲೆಮಾರಿನಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಬರೆಸಿದವರು ಕಡಿಮೆ ಇಲ್ಲ, ಅವರೆಲ್ಲ ನಿವೃತ್ತರಾಗುವುದು ಮೇ 31ಕ್ಕೆ. ಆದರೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾಗಿ ಶಾಲೆ ಖಾಲಿಯಾಗುತ್ತದೆ. ಮೇಡಂ ಪಾಠ ಮಾಡುವ ದೃಶ್ಯ, ಮಕ್ಕಳ ಗದ್ದಲ, ಪ್ರಾರ್ಥನೆಯ ಸಾಲು ಬೇಕಿದ್ದರೆ ಮಾರ್ಚ್ ತಿಂಗಳಲ್ಲೇ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಚಿತ್ರೀಕರಿಸಿಡಬೇಕು. ಈಗ ಓದುತ್ತಿರುವ ಮಕ್ಕಳ ಮುಖ ಕಾಣುವಂತಿದ್ದರೆ ಮುಖ್ಯಶಿಕ್ಷಕರ ಮೂಲಕ ಪೋಷಕರ ಒಪ್ಪಿಗೆ ಪಡೆಯಿರಿ.

ಎಳೆ ಹುಡುಕುವುದು

ಹುಟ್ಟಿದ್ದು, ಓದಿದ್ದು, ಸೇರಿದ್ದು, ವರ್ಗವಾಗಿದ್ದು, ನಿವೃತ್ತರಾಗುತ್ತಿರುವುದು ಎಂದು ಸಾಲಾಗಿ ಹೇಳಿದರೆ ಅದು ಅಭಿನಂದನಾ ಪತ್ರವಾಗುತ್ತದೆ. ಆ ಪತ್ರವನ್ನು ವೇದಿಕೆಯ ಮೇಲೆ ಹೇಗೂ ಯಾರೋ ಓದುತ್ತಾರೆ. ವಿಡಿಯೊಗೆ ಬೇಕಾಗುವುದು ಆ ಮೇಡಂ ಒಬ್ಬರೇ ಮಾಡುತ್ತಿದ್ದ, ಕಣ್ಣಿಗೆ ಕಾಣುವಂಥ ಒಂದು ಅಭ್ಯಾಸ.

ಅದು ಸಿಗುವುದು ನೀವು ಕೇಳುವ ಪ್ರಶ್ನೆಯಿಂದ. ‘ಮೇಡಂ ಬಗ್ಗೆ ಎರಡು ಮಾತು ಹೇಳಿ’ ಎಂದರೆ ಎಲ್ಲರೂ ‘ತುಂಬ ಒಳ್ಳೆಯವರು, ಸ್ಟ್ರಿಕ್ಟು, ಆದರೆ ಪ್ರೀತಿ ಇತ್ತು’ ಎನ್ನುತ್ತಾರೆ. ಅದನ್ನು ಪರದೆಯ ಮೇಲೆ ತೋರಿಸಲಾಗದು. ‘ಮೇಡಂ ಕ್ಲಾಸ್ ಒಳಗೆ ಕಾಲಿಟ್ಟ ತಕ್ಷಣ ಏನ್ ಮಾಡೋರು?’ ಎಂದು ಕೇಳಿ. ಬೇರೆ ಬೇರೆ ಬ್ಯಾಚಿನ ಎಂಟು ಹತ್ತು ಜನರನ್ನು ಇದೇ ಪ್ರಶ್ನೆ ಕೇಳಿದರೆ ಒಂದು ಸಂಗತಿ ಎಲ್ಲರ ಬಾಯಲ್ಲೂ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಬಂದ ಉತ್ತರ ಇದು ಎಂದುಕೊಳ್ಳಿ: ‘ಬಂದೇಟ್ಗೆ ಬೋರ್ಡ್ ಮೂಲೇಲಿ ಒಂದ್ ಲೆಕ್ಕ ಬರೆಯೋರು ಕಣಣ್ಣ. ಹಾಜರಿ ಕೂಗಿ ಮುಗ್ಸೋದ್ರೊಳ್ಗೆ ಉತ್ತರ ಇರ್ಬೇಕಾಗಿತ್ತು.’

ಇನ್ನಷ್ಟು ಕೆದಕಿದರೆ ಇನ್ನೂ ಒಂದು ಸಿಗುತ್ತದೆ. ಕಬ್ಬು ಕಟಾವಿನ ತಿಂಗಳಲ್ಲಿ ಹಿಂದಿನ ಬೆಂಚಿನ ಹುಡುಗರು ಕ್ಲಾಸಿಗೆ ಬರುತ್ತಿರಲಿಲ್ಲ. ಮೇಡಂ ಒಂದು ದಿನ ಆಲೆಮನೆಗೇ ಹೋಗಿ ಅವರನ್ನು ಕಂಡರು. ಆಮೇಲೆ ಬೋರ್ಡಿನ ಮೂಲೆಯ ಲೆಕ್ಕಗಳಲ್ಲಿ ಟನ್ನು, ಕೊಪ್ಪರಿಗೆ, ಅಚ್ಚುಬೆಲ್ಲ ಕಾಣಿಸಿಕೊಂಡವು. ಎಳೆ ಸಿಕ್ಕಿತು. ಇಡೀ ವಿಡಿಯೊ ಬೋರ್ಡಿನ ಆ ಮೂಲೆಯ ಸುತ್ತ ನಡೆಯುತ್ತದೆ. ಅದಕ್ಕೆ ಸೇರದ ಫೋಟೊ ಎಷ್ಟು ಚೆನ್ನಾಗಿದ್ದರೂ ಬೇರೆ ಫೋಲ್ಡರ್‌ಗೆ ಹೋಗಲಿ.

ಇಂಥ ಸಂಗತಿಯನ್ನು ಒಬ್ಬರ ಮಾತಿನ ಮೇಲೆ ನಂಬಿ ಹಾಕಬೇಡಿ, ಕಡೇಪಕ್ಷ ಇನ್ನಿಬ್ಬರ ಬಾಯಲ್ಲಿ ಕೇಳಿ. ಇಸವಿ, ಸೇವೆ ಸಲ್ಲಿಸಿದ ಶಾಲೆಗಳ ಹೆಸರು, ಮೇಡಂ ಹೆಸರಿನ ಇನಿಷಿಯಲ್ ಇವನ್ನು ಶಾಲೆಯ ಕಚೇರಿಯಲ್ಲಿ ತಾಳೆ ನೋಡಿ. ಸಭೆಯಲ್ಲಿ ನೂರು ಜನರ ಮುಂದೆ ಇಸವಿ ತಪ್ಪಾಗಿ ಬಂದರೆ ಮುಂದಿನ ಒಂದು ನಿಮಿಷ ಎಲ್ಲರ ಗಮನ ಆ ತಪ್ಪಿನ ಮೇಲೇ ಇರುತ್ತದೆ.

ಫೋಟೊ ಕೂಡಿಸುವುದು

ಬೇಕಾಗಿರುವುದು ಹದಿನೆಂಟು ಇಪ್ಪತ್ತು ಫೋಟೊ, ಅಷ್ಟೇ. ಅದಕ್ಕಾಗಿ ನೂರು ಕೂಡಿಸಬೇಕಾಗುತ್ತದೆ. ಮನೆಯವರ ಆಲ್ಬಂ, ಶಾಲೆಯ ಗೋಡೆಯ ಮೇಲಿನ ಗ್ರೂಪ್ ಫೋಟೊ, ಹಳೆಯ ವಿದ್ಯಾರ್ಥಿಗಳ ಟ್ರಂಕು, ಇವು ಮೂರು ಮೂಲ. ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಕೇಳುವಾಗ ಒಂದು ಮಾತು ಸೇರಿಸಿ: ಫೋಟೊವನ್ನು ಫೋಟೊ ಥರ ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಆಯ್ಕೆ ಮಾಡಿ ಕಳಿಸಿ. ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುವ ಆ ಫೋಟೊ ಹತ್ತು ಅಡಿ ಪರದೆಯ ಮೇಲೆ ಮಸುಕಾಗುತ್ತದೆ.

ಗೋಡೆಯ ಮೇಲಿನ ಗ್ರೂಪ್ ಫೋಟೊವನ್ನು ಗಾಜಿನ ಸಮೇತ ಮೊಬೈಲಿನಲ್ಲಿ ತೆಗೆದರೆ ಟ್ಯೂಬ್‌ಲೈಟೂ ನಿಮ್ಮ ಮುಖವೂ ಅದರಲ್ಲಿ ಮೂಡುತ್ತವೆ. ಸಾಧ್ಯವಾದರೆ ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಸಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮೇಲಿನ ಪದರವೇ ಕಿತ್ತು ಬರುತ್ತದೆ. ಅಂಥದ್ದನ್ನು ಹೊರಗೆ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ನಿಮ್ಮ ಬೆನ್ನ ಹಿಂದೆ ಯಾರಾದರೂ ಕಪ್ಪು ಬಟ್ಟೆ ಹಿಡಿದಿರುವಾಗ ತೆಗೆಯುವುದೇ ಸರಿ.

ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವಾಗ 600 ಡಿಪಿಐ ಎಂದು ಬಾಯಿಬಿಟ್ಟು ಹೇಳಿ. 15 ಸೆಂಟಿಮೀಟರ್ ಅಗಲದ ಗ್ರೂಪ್ ಫೋಟೊ 300 ಡಿಪಿಐಯಲ್ಲಿ ಸುಮಾರು 1770 ಪಿಕ್ಸೆಲ್ ಅಗಲ ಬರುತ್ತದೆ. ವಿಡಿಯೊದ ಅಗಲವೇ 1920, ಅಂದರೆ ಇಡೀ ಫೋಟೊ ತೋರಿಸುವುದಕ್ಕೇ ಸಾಲದು. 600ರಲ್ಲಾದರೆ 3500ಕ್ಕೂ ಹೆಚ್ಚು ಬರುತ್ತದೆ, ಮೇಡಂ ಮುಖದ ಹತ್ತಿರಕ್ಕೆ ಹೋಗಬಹುದು. ಮುಂದೆ ಗ್ರೂಪ್ ಫೋಟೊಗಳ ಭಾಗಕ್ಕೆ ಬಂದಾಗ ಇದು ಯಾಕೆ ಬೇಕೆಂದು ಗೊತ್ತಾಗುತ್ತದೆ.

ಬಂದ ಫೋಟೊಗಳಿಗೆಲ್ಲ ಇಸವಿಯೊಂದಿಗೆ ಹೆಸರು ಕೊಡಿ, `07_1998_group.jpg` ಎಂಬಂತೆ. ಕೊಟ್ಟವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡರೆ ಹಿಂದಿರುಗಿಸುವಾಗ ಯಾವುದು ಯಾರದು ಎಂಬ ಗೊಂದಲ ಆಗುವುದಿಲ್ಲ. ಬಿಸಿಯೂಟದ ಅಡುಗೆಯವರು, ಗಂಟೆ ಹೊಡೆಯುತ್ತಿದ್ದ ಸಿಬ್ಬಂದಿ, ಹಳೆಯ ಸಹೋದ್ಯೋಗಿಗಳು ಒಂದಾದರೂ ಫೋಟೊದಲ್ಲಿ ಇದ್ದಾರೆಯೇ ಎಂದೂ ನೋಡಿ. ಅವರೂ ಸಭೆಯಲ್ಲಿ ಕೂತಿರುತ್ತಾರೆ.

ಮಾತಿನ ಲೆಕ್ಕ

ಕನ್ನಡವನ್ನು ಸಮಾಧಾನವಾಗಿ, ಸಭೆಯ ಕೊನೆಯ ಸಾಲಿಗೂ ತಿಳಿಯುವಂತೆ ಓದಿದರೆ ನಿಮಿಷಕ್ಕೆ 80ರಿಂದ 90 ಪದ ಹೋಗುತ್ತವೆ. ನಿಮ್ಮ ಓದುವವರ ವೇಗವನ್ನು ಒಮ್ಮೆ ಗಡಿಯಾರ ಹಿಡಿದು ನೋಡಿಬಿಡಿ. ನಾಲ್ಕು ನಿಮಿಷಕ್ಕೆ ಮುನ್ನೂರೈವತ್ತು ಪದ ತುಂಬಬಹುದು ಎಂದು ಇದರಿಂದ ಲೆಕ್ಕ ಹಾಕಬೇಡಿ. ನಿರೂಪಣೆಗೆ ಮೂರನೇ ಒಂದು ಭಾಗ ಕೊಡಿ, ಅಂದರೆ ಎಂಬತ್ತು ಸೆಕೆಂಡು, ನೂರು ನೂರಹತ್ತು ಪದ. ಮಾತಾಡುವವರ ಕ್ಲಿಪ್‌ಗಳಿಗೆ ಮುಕ್ಕಾಲು ನಿಮಿಷ. ಮಿಕ್ಕ ಎರಡು ನಿಮಿಷ ಬರೀ ಚಿತ್ರ ಮತ್ತು ಸಂಗೀತ. ಆ ಎರಡು ನಿಮಿಷದಲ್ಲಿ ಸಭೆ ನಗುತ್ತದೆ, ‘ಅಯ್ಯೋ, ಅದು ನಮ್ಮ ಅಕ್ಕ’ ಎನ್ನುತ್ತದೆ, ಕಣ್ಣೊರೆಸಿಕೊಳ್ಳುತ್ತದೆ. ಅದರ ಮೇಲೆ ಮಾತು ಸುರಿದರೆ ಎರಡೂ ಕೇಳಿಸುವುದಿಲ್ಲ.

ನೂರು ಪದಗಳೊಳಗೆ ಏನು ಹೇಳಬೇಕು? ಚಿತ್ರದಲ್ಲಿ ಕಾಣುವುದನ್ನು ಹೇಳಬಾರದು. ಮೇಡಂ ಸೀರೆ ಉಟ್ಟು ಬೋರ್ಡ್ ಮುಂದೆ ನಿಂತ ಫೋಟೊ ಬಂದಾಗ ‘ಇಲ್ಲಿ ಮೇಡಂ ಪಾಠ ಮಾಡುತ್ತಿದ್ದಾರೆ’ ಎಂಬ ಮಾತು ಬೇಕಿಲ್ಲ. ಆ ಫೋಟೊ ತೆಗೆದ ದಿನ ಏನಾಯಿತು, ಅದರ ಹಿಂದೆ ಏನಿತ್ತು ಎಂಬುದನ್ನು ಹೇಳಿ. ‘ಅಜ್ಞಾನದ ಕತ್ತಲೆ ಕಳೆದು ಜ್ಞಾನದ ದೀಪ ಬೆಳಗಿದ’ ಎಂಬಂಥ ವಾಕ್ಯ ಯಾವ ಶಿಕ್ಷಕರಿಗಾದರೂ ಹೊಂದುತ್ತದೆ. ಅದಕ್ಕೇ ಅದನ್ನು ಬಿಡಿ.

ಓದುವವರು ಆಕಾಶವಾಣಿಯ ದನಿಯವರೇ ಆಗಬೇಕಿಲ್ಲ. ಅವರದೇ ಶಾಲೆಯಲ್ಲಿ ಓದಿದ, ಮಂಡ್ಯದ ಧಾಟಿಯಲ್ಲೇ ಮಾತಾಡುವ ಹಳೆಯ ವಿದ್ಯಾರ್ಥಿನಿ ಓದಿದರೆ ಮೇಡಂಗೆ ಆ ದನಿ ಯಾರದೆಂದು ಗೊತ್ತಾಗುತ್ತದೆ. ಸ್ಕ್ರಿಪ್ಟನ್ನೂ ಅವಳ ಬಾಯಿಗೆ ಒಗ್ಗುವಂತೆ ಬರೆಯಿರಿ. ‘ಶ್ರೀಯುತರು ಪದವಿಯನ್ನು ಪೂರೈಸಿದ ತರುವಾಯ’ ಎಂದು ಬರೆದರೆ ಎಷ್ಟು ಚೆನ್ನಾಗಿ ಓದಿದರೂ ಅದು ಸರ್ಕಾರಿ ಪತ್ರದಂತೆಯೇ ಕೇಳುತ್ತದೆ. ಬಾಯಲ್ಲಿ ಮೇಡಂ ಎಂದು ಕರೆಯುತ್ತಿದ್ದರೆ ಸ್ಕ್ರಿಪ್ಟಿನಲ್ಲೂ ಮೇಡಂ ಎಂದೇ ಇರಲಿ.

ಸ್ಕ್ರಿಪ್ಟ್

ಒಂದು ಕಾಗದವನ್ನು ಉದ್ದಕ್ಕೆ ಮಡಿಸಿ. ಎಡಕ್ಕೆ ಸಮಯ ಮತ್ತು ಚಿತ್ರ, ಬಲಕ್ಕೆ ಮಾತು ಮತ್ತು ಸದ್ದು. ಎಡಗಡೆ ಏನಾದರೂ ಇದ್ದಲ್ಲೆಲ್ಲ ಬಲಗಡೆ ಮಾತು ಇರಲೇಬೇಕೆಂದಿಲ್ಲ. ನಮ್ಮ ಉದಾಹರಣೆಯ ಸ್ಕ್ರಿಪ್ಟ್ ಹೀಗೆ ಬರುತ್ತದೆ.

0:00ರಿಂದ 0:20. ಖಾಲಿ ಕಪ್ಪು ಬೋರ್ಡ್. ಒಂದು ಕೈ ಮೂಲೆಯಲ್ಲಿ ಬರೆಯುತ್ತದೆ: ‘1 ಟನ್ ಕಬ್ಬಿಗೆ 100 ಕಿಲೋ ಬೆಲ್ಲ. ಎರಡೂವರೆ ಟನ್ನಿಗೆ?’ ಸಂಗೀತ ಇಲ್ಲ, ಸೀಮೆಸುಣ್ಣದ ಸದ್ದು ಮಾತ್ರ. ಕೊನೆಯ ನಾಲ್ಕು ಸೆಕೆಂಡಿನಲ್ಲಿ ದನಿ: ‘ಹಾಜರಿ ಮುಗಿಯೋದರೊಳಗೆ ಉತ್ತರ ಬೇಕು.’

ಮೇಡಂ ಲೆಕ್ಕ ಬರೆಯುತ್ತಿದ್ದ ಹಳೆಯ ಫೋಟೊ ಸಿಗುವುದಿಲ್ಲ, ಆ ಕಾಲದಲ್ಲಿ ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಆದ್ದರಿಂದ ಇದನ್ನು ಈಗ ಚಿತ್ರೀಕರಿಸಬೇಕು. ಬರೆಯುವ ಕೈ ಹಳೆಯ ವಿದ್ಯಾರ್ಥಿಯದಾಗಿರಲಿ. ಮೇಡಂ ಕೈಯಂತೆ ತೋರಿಸಲು ಬಳೆ ತೊಡಿಸಿ ನಟಿಸಬೇಡಿ, ನೋಡುವವರಿಗೆ ಅದು ತಿಳಿಯುತ್ತದೆ. ಲೆಕ್ಕವೂ ಸುಲಭವಾಗಿರಲಿ, ಅದು ಸಭೆಯಲ್ಲಿರುವವರು ಮನಸ್ಸಿನಲ್ಲೇ ಮಾಡಬಹುದಾದ ಲೆಕ್ಕವಾಗಿರಬೇಕು. ಟನ್ನಿಗೆ ನೂರು ಕಿಲೋ ಎಂಬುದು ಆಲೆಮನೆಯವರು ಒಪ್ಪುವ ಅಂದಾಜು, ಹಾಗಾಗಿ ಅದರ ಮೇಲೆ ತಕರಾರು ಏಳುವುದಿಲ್ಲ.

0:20ರಿಂದ 1:05. ಆರು ಫೋಟೊ. ಮೊದಲು ಕಾಲೇಜಿನ ಕಾಲದ ಕಪ್ಪುಬಿಳುಪು ಫೋಟೊ, ಐದು ಸೆಕೆಂಡು ಮಾತಿಲ್ಲ, ಸಂಗೀತ ಮೆಲ್ಲಗೆ ಶುರು. ಜನ ಮುಖ ಗುರುತು ಹಿಡಿಯಲಿ. ಆಮೇಲೆ ದನಿ: ‘ಬಿ.ಎಡ್ ಮುಗಿಸಿದ ವರ್ಷ ಮೇಡಂ ಮನೆಯಲ್ಲಿ ಒಂದು ಮಾತು ಹೇಳಿದ್ದರಂತೆ. ಎರಡು ವರ್ಷ ಪಾಠ ಮಾಡ್ತೀನಿ, ಆಮೇಲೆ ಬ್ಯಾಂಕ್ ಪರೀಕ್ಷೆ ಬರೀತೀನಿ ಅಂತ.’ ಮುಂದೆ ಮೂರು ಫೋಟೊ ಹೋಗುತ್ತವೆ, ಮೊದಲ ಶಾಲೆ, ಶಾಲೆಯ ಮುಂದಿನ ಸೈಕಲ್ಲು, ಸಹೋದ್ಯೋಗಿಗಳ ನಡುವೆ ಮೇಡಂ, ನಾಲ್ಕು ನಾಲ್ಕು ಸೆಕೆಂಡು. 1994ರ ನೇಮಕಾತಿ ಆದೇಶ ಪರದೆ ತುಂಬ ಬಂದಾಗ: ‘ಆ ಎರಡು ವರ್ಷ ಈ ತಿಂಗಳ ಕೊನೆಗೆ ಮುಗಿಯುತ್ತೆ.’ ಇಲ್ಲಿ ಸಭೆ ನಗುತ್ತದೆ, ಚಪ್ಪಾಳೆಯೂ ಬೀಳಬಹುದು. ಹಾಗಾಗಿ ಆರನೇ ಫೋಟೊ, ಅಂದರೆ ಮೇಡಂ ನಗುತ್ತಿರುವುದು, ಮಾತಿಲ್ಲದೆ ಏಳೆಂಟು ಸೆಕೆಂಡು ನಿಲ್ಲಬೇಕು.

ಈ ಸಾಲಿನಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಮುಗಿಯುತ್ತೆ’ ಎಂಬುದು ಬಾಯಿಂದ ಬರುವವರೆಗೆ ಸಭೆಗೆ ವಿಷಯ ತಲುಪಿರುವುದಿಲ್ಲ. ಚಿತ್ರ ಅದಕ್ಕಿಂತ ಮುಂಚೆ ಬದಲಾದರೆ ಕಣ್ಣು ಹೊಸ ಚಿತ್ರದ ಕಡೆ ಹೋಗಿ ಆ ಕೊನೆಯ ಪದ ಕಳೆದುಹೋಗುತ್ತದೆ. ಕೊನೆಯ ಪದ ಮುಗಿದು ಅರ್ಧ ಸೆಕೆಂಡಾದ ಮೇಲೆ ಚಿತ್ರ ಬದಲಾಯಿಸಿ. ನಾನು ನೋಡಿದ ವಿಡಿಯೊಗಳಲ್ಲಿ ಹಾಸ್ಯ ಬಿದ್ದುಹೋಗುವುದು ಬಹುಪಾಲು ಈ ಅರ್ಧ ಸೆಕೆಂಡಿನಿಂದಲೇ.

1:05ರಿಂದ 1:20. ಮೊದಲ ಕ್ಲಿಪ್. ಸಹೋದ್ಯೋಗಿ ಮೇಷ್ಟ್ರು ಒಬ್ಬರು, ಸ್ಟಾಫ್ ರೂಮಿನಲ್ಲಿ ಮೇಡಂ ಕೂರುತ್ತಿದ್ದ ಕುರ್ಚಿಯ ಪಕ್ಕ ನಿಂತು.

1:20ರಿಂದ 2:10. ತರಗತಿಯ ಫೋಟೊಗಳು, ನಡುವೆ ಆಲೆಮನೆಯ ಒಂದು ಸಣ್ಣ ದೃಶ್ಯ. ದನಿ: ‘ಕಬ್ಬು ಕಟಾವಿನ ತಿಂಗಳು ಬಂತು ಅಂದ್ರೆ ಹಿಂದಿನ ಬೆಂಚು ಖಾಲಿ. ಒಂದಿನ ಸಂಜೆ ಮೇಡಂ ಆಲೆಮನೆಗೇ ಹೋದರು. ಬೈಯಲಿಲ್ಲ. ಕೊಪ್ಪರಿಗೆ ಎಷ್ಟು ಹಿಡಿಯುತ್ತೆ, ಅಚ್ಚು ಎಷ್ಟು ತೂಗುತ್ತೆ ಅಂತ ಕೇಳಿ ಬರೆದುಕೊಂಡು ಬಂದರು. ಮಾರನೇ ದಿನದಿಂದ ಬೋರ್ಡಿನ ಮೂಲೆಯಲ್ಲಿ ಬೆಲ್ಲದ ಲೆಕ್ಕ ಶುರುವಾಯ್ತು. ಹಿಂದಿನ ಬೆಂಚಿನವರೇ ಮೊದಲು ಕೈ ಎತ್ತಿದರು.’ ಇದು ಮೂವತ್ತೈದು ನಲವತ್ತು ಪದ, ಅರ್ಧ ನಿಮಿಷ. ಮಿಕ್ಕ ಇಪ್ಪತ್ತು ಸೆಕೆಂಡಿನಲ್ಲಿ ಐದು ಸೆಕೆಂಡು ಆಲೆಮನೆಗೆ: ಕುದಿಯುವ ಕಬ್ಬಿನ ಹಾಲಿನ ಸದ್ದು, ಮಾತಿಲ್ಲ. ಆ ದೃಶ್ಯ ಈಗ ತೆಗೆದದ್ದು ಎಂಬುದನ್ನು ಮರೆಮಾಚಬೇಡಿ, ಅದಕ್ಕೆ ಕಪ್ಪುಬಿಳುಪು ಬಣ್ಣ ಕೊಟ್ಟು ಹಳೆಯದೆನ್ನುವಂತೆ ಮಾಡಬೇಡಿ.

2:10ರಿಂದ 2:40. ಎರಡು ಕ್ಲಿಪ್, ಹಳೆಯ ವಿದ್ಯಾರ್ಥಿಗಳು. 2:40ರಿಂದ 3:25. ಗ್ರೂಪ್ ಫೋಟೊಗಳು, ಮಾತಿಲ್ಲ.

3:25ರಿಂದ 3:45. ಈ ವರ್ಷದ ತರಗತಿ, ಮೇಡಂ ಹಿಂದಿನಿಂದ. ದನಿ: ‘ಜೂನ್ ತಿಂಗಳಲ್ಲಿ ಈ ಬೋರ್ಡಿಗೆ ಹೊಸಬರು ಬರ್ತಾರೆ. ಮೂಲೆ ಮಾತ್ರ ಮೇಡಂದೇ. ಮೇಡಂ, ಹಾಜರಿ ಮುಗೀತು. ಉತ್ತರ ಹೇಳ್ತೀವಿ.’

3:45ರಿಂದ 4:00. ಮತ್ತೆ ಬೋರ್ಡಿನ ಮೂಲೆ, ಲೆಕ್ಕ ಹಾಗೇ ಇದೆ. ನಾಲ್ಕು ಸೆಕೆಂಡು ಏನೂ ಆಗುವುದಿಲ್ಲ. ಅಷ್ಟರಲ್ಲಿ ಸಭೆಯಲ್ಲಿ ಯಾರಾದರೂ ‘ಇನ್ನೂರೈವತ್ತು’ ಎಂದು ಕೂಗಿರುತ್ತಾರೆ. ಯಾರೂ ಕೂಗದಿದ್ದರೆ ಎಂಬ ಭಯವಿದ್ದರೆ ಹಿಂದಿನ ಸಾಲಿನ ಇಬ್ಬರು ಹಳೆಯ ಹುಡುಗರಿಗೆ ಹೇಳಿಡಿ. ಆಮೇಲೆ ಕೈ ‘250’ ಎಂದು ಬರೆಯುತ್ತದೆ, ಪಕ್ಕದಲ್ಲಿ ಒಂದು ರೈಟ್ ಗುರುತು. ಪರದೆ ಕಪ್ಪಾಗುತ್ತದೆ. ‘ಧನ್ಯವಾದಗಳು’ ಎಂಬ ಫಲಕ, ವಿಡಿಯೊ ಮಾಡಿದವರ ಹೆಸರುಗಳ ಪಟ್ಟಿ ಬೇಡ. ಆ ಹೆಸರುಗಳನ್ನು ವೇದಿಕೆಯಿಂದ ಹೇಳಬಹುದು.

ಗ್ರೂಪ್ ಫೋಟೊಗಳ ಮುಕ್ಕಾಲು ನಿಮಿಷ

ಇಡೀ ವಿಡಿಯೊದಲ್ಲಿ ಹೆಚ್ಚು ಕೆಲಸ ಬೇಡುವ, ಹೆಚ್ಚು ಫಲ ಕೊಡುವ ಭಾಗ ಇದು. ಎಲ್ಲ ವರ್ಷದ ಗ್ರೂಪ್ ಫೋಟೊ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ, ಪ್ರತಿ ಬ್ಯಾಚಿನವರೂ ತಮ್ಮದು ಬರಲಿ ಎಂದು ಒತ್ತಾಯಿಸುತ್ತಾರೆ. ನಾಲ್ಕೇ ಆರಿಸಿ, ಹೆಚ್ಚುಕಡಿಮೆ ಹತ್ತು ವರ್ಷಕ್ಕೊಂದರಂತೆ. 1998, 2006, 2015, 2025 ಎಂದುಕೊಳ್ಳಿ. ಒಂದೊಂದಕ್ಕೂ ಹನ್ನೊಂದು ಸೆಕೆಂಡು ಸಿಗುತ್ತದೆ. ಮಿಕ್ಕ ಬ್ಯಾಚಿನ ಫೋಟೊಗಳನ್ನು ಬಾಗಿಲ ಬಳಿ ಒಂದು ಫಲಕಕ್ಕೆ ಅಂಟಿಸಿದರೆ ಯಾರಿಗೂ ಬೇಸರವಾಗುವುದಿಲ್ಲ.

ಮೊದಲ ನಾಲ್ಕು ಸೆಕೆಂಡು ಫೋಟೊ ಇಡಿಯಾಗಿ, ಅಲ್ಲಾಡದೆ ನಿಲ್ಲುತ್ತದೆ. ಸಭೆಯಲ್ಲಿರುವವರು ತಮ್ಮನ್ನು ಹುಡುಕಿಕೊಳ್ಳುತ್ತಾರೆ. ಆಮೇಲಿನ ಆರು ಸೆಕೆಂಡಿನಲ್ಲಿ ಚಿತ್ರ ನಿಧಾನವಾಗಿ ಮಧ್ಯದ ಕುರ್ಚಿಯಲ್ಲಿ ಕೂತ ಮೇಡಂ ಕಡೆಗೆ ಸಾಗುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ ಅದು ಕರಗಿ ಮುಂದಿನದು ಮೂಡುತ್ತದೆ. ಇಲ್ಲಿ ಮಾಡಬೇಕಾದ ಕೆಲಸ ಏನೆಂದರೆ, ನಾಲ್ಕು ಫೋಟೊದಲ್ಲೂ ಹತ್ತಿರಕ್ಕೆ ಹೋಗಿ ನಿಲ್ಲುವಾಗ ಮೇಡಂ ಮುಖ ಪರದೆಯ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇರಬೇಕು. ಅದರಿಂದ ಮುಂದಿನ ಫೋಟೊ ಇಡಿಯಾಗಿ ಬಂದು ಮತ್ತೆ ಅದೇ ಜಾಗಕ್ಕೆ ಸಾಗಿದಾಗ, ಮಕ್ಕಳು ಬದಲಾಗಿರುತ್ತಾರೆ, ಸೀರೆ ಬದಲಾಗಿರುತ್ತದೆ, ಮೇಡಂ ಕೂದಲು ಸ್ವಲ್ಪ ಸ್ವಲ್ಪವೇ ನರೆಯುತ್ತದೆ, ಆದರೆ ಅವರು ಅಲ್ಲೇ ಇರುತ್ತಾರೆ. ಇದಕ್ಕೆ ಯಾವ ಮಾತೂ ಬೇಕಾಗಿಲ್ಲ.

ಮಾಡುವುದು ಹೀಗೆ. ಮೊದಲ ಫೋಟೊದಲ್ಲಿ ಮೇಡಂ ಮುಖ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿ, ಲ್ಯಾಪ್‌ಟಾಪ್ ಪರದೆಯ ಮೇಲೆ ಆ ಜಾಗಕ್ಕೆ ಪಾರದರ್ಶಕ ಟೇಪಿನ ಎರಡು ಚೂರು ಅಂಟಿಸಿ, ಒಂದು ಕಣ್ಣಿನ ಮಟ್ಟಕ್ಕೆ, ಇನ್ನೊಂದು ಗಲ್ಲದ ಮಟ್ಟಕ್ಕೆ. ಮುಂದಿನ ಮೂರು ಫೋಟೊವನ್ನು ಹಿಗ್ಗಿಸಿ ಸರಿಸಿ ಆ ಗುರುತಿಗೆ ಕೂರಿಸಿ. ಆಪ್‌ನಲ್ಲಿ ಅಡ್ಡ ಉದ್ದ ಗೆರೆಗಳ ಗ್ರಿಡ್ ಇದ್ದರೆ ಟೇಪು ಬೇಕಿಲ್ಲ. ಮುಖದ ಎತ್ತರ ಪರದೆಯ ಎತ್ತರದ ಆರನೇ ಒಂದು ಭಾಗ ದಾಟದಿರಲಿ. ಗ್ರೂಪ್ ಫೋಟೊದಲ್ಲಿ ಒಂದು ಮುಖ ಏಳೆಂಟು ಮಿಲಿಮೀಟರ್ ಇರುತ್ತದೆ, 600 ಡಿಪಿಐ ಸ್ಕ್ಯಾನಿನಲ್ಲಿ ಅದು 170–180 ಪಿಕ್ಸೆಲ್. 1080 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ ಆರನೇ ಒಂದು ಭಾಗ 180. ಅಲ್ಲಿಗೆ ಸರಿಹೋಗುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಕಣ್ಣುಮೂಗು ಒಡೆದು ಚೌಕಚೌಕವಾಗಿ ಕಾಣುತ್ತವೆ.

ಈ ಫೋಟೊಗಳಲ್ಲಿ ಈಗ ತೀರಿಕೊಂಡಿರುವ ಸಹೋದ್ಯೋಗಿಗಳೋ ಮಕ್ಕಳೋ ಇರಬಹುದು. ಯಾರು ಎಂಬುದನ್ನು ಮೊದಲೇ ತಿಳಿದುಕೊಂಡಿರಿ, ಅವರ ಮನೆಯವರು ಸಭೆಯಲ್ಲಿದ್ದರೆ ಮುಂಚೆಯೇ ಒಂದು ಮಾತು ಹೇಳಿ.

ಮಾತಾಡುವವರ ಕ್ಲಿಪ್

ಮೂರು ಜನ ಸಾಕು. ಒಬ್ಬೊಬ್ಬರಿಗೂ ಹನ್ನೆರಡರಿಂದ ಹದಿನೈದು ಸೆಕೆಂಡು. ಅದನ್ನು ಅವರಿಗೆ ಹೇಳಬೇಡಿ, ಹೇಳಿದರೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎರಡು ಮೂರು ನಿಮಿಷ ಮಾತಾಡಿಸಿ, ಬೇಕಾದಷ್ಟು ತೆಗೆದುಕೊಳ್ಳಿ. ಮೊಬೈಲು ಅಡ್ಡ ಇರಲಿ, ಮೂರ್ನಾಲ್ಕು ಅಡಿ ದೂರದಲ್ಲಿರಲಿ, ಮಾತಾಡುವವರ ಬೆನ್ನಿಗೆ ಕಿಟಕಿ ಬೇಡ. ಫ್ಯಾನು ನಿಲ್ಲಿಸಿ. ಕಾಲರ್ ಮೈಕ್ ಇಲ್ಲದಿದ್ದರೆ ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಅವರ ಅಂಗಿಯ ಜೇಬಿನಲ್ಲಿಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟ್ ಮಾಡುವಾಗ ಎರಡೂ ಸದ್ದನ್ನು ಹೊಂದಿಸುವುದು ಸುಲಭ.

‘ಮೇಡಂ ನಿಮಗಾಗಿ ಮಾಡಿದ ಒಂದು ಕೆಲಸ ಹೇಳಿ’ ಎಂದು ಕೇಳಿ. ‘ಎರಡು ಸಲ ಗಣಿತದಲ್ಲಿ ಫೇಲಾದೆ. ಮೂರನೇ ಸಲ ಫೀಸು ಕಟ್ಟಿದ್ದು ಮೇಡಂ. ಇವತ್ತಿಗೂ ನಮ್ಮಪ್ಪಂಗೆ ಗೊತ್ತಿಲ್ಲ’ ಎಂಬಂಥ ಉತ್ತರ ಬಂದರೆ ಹನ್ನೆರಡು ಸೆಕೆಂಡಿಗೆ ಅದು ಪೂರ್ತಿ ಕತೆ. ಹಾಕುವ ಮುಂಚೆ ಅವನನ್ನೇ ಕೇಳಿ: ಅಪ್ಪ ಸಭೆಗೆ ಬರುತ್ತಾರಾ, ಹಾಕಬಹುದಾ? ಮೇಡಂಗೂ ತಾವು ಮಾಡಿದ ಸಹಾಯ ಹೀಗೆ ಹೊರಬರುವುದು ಇಷ್ಟವೇ ಎಂದು ಅವರ ಮನೆಯವರ ಹತ್ತಿರ ವಿಚಾರಿಸಿ. ಬೇರೊಬ್ಬರ ಬಡತನವನ್ನು, ಸೋಲನ್ನು ಹೆಸರಿಟ್ಟು ಹೇಳುವ ಕ್ಲಿಪ್ಪನ್ನಂತೂ ಬಳಸಬೇಡಿ.

ಮಾತಾಡುವವರ ಮುಖವನ್ನೇ ಹದಿನೈದು ಸೆಕೆಂಡು ತೋರಿಸಬೇಕಿಲ್ಲ. ಐದು ಸೆಕೆಂಡಾದ ಮೇಲೆ ಅವರ ಆ ಕಾಲದ ಫೋಟೊ ಹಾಕಿ ದನಿ ಮುಂದುವರಿಯಲಿ, ಕೊನೆಯ ವಾಕ್ಯಕ್ಕೆ ಮತ್ತೆ ಮುಖ ಬರಲಿ. ಈಗಿನ ಮೀಸೆಯ ಗಂಡಸು, ಅಂದಿನ ಚಡ್ಡಿಯ ಹುಡುಗ ಇಬ್ಬರೂ ಒಟ್ಟಿಗೆ ಕಂಡಂತಾಗುತ್ತದೆ.

ಅಕ್ಷರ ಮತ್ತು ಸಂಗೀತ

ಪರದೆಯ ಮೇಲೆ ಅಕ್ಷರ ಕಡಿಮೆ ಇರಲಿ, ಇಸವಿ ಮತ್ತು ಮಾತಾಡುವವರ ಹೆಸರು ಸಾಕು. ಪರದೆಯ ಕೆಳಗಿನ ಕಾಲುಭಾಗದಲ್ಲಿ ಬರೆಯಬೇಡಿ, ಮುಂದಿನ ಸಾಲಿನವರ ತಲೆ, ವೇದಿಕೆಯ ಹೂಕುಂಡ ಅದನ್ನು ಮುಚ್ಚುತ್ತವೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಯೂನಿಕೋಡಿನಲ್ಲೇ ಟೈಪ್ ಮಾಡಿ. ಕೆಲವು ಆಪ್‌ಗಳಲ್ಲಿ ಯೂನಿಕೋಡ್ ಹಾಕಿದರೂ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಹಾಗಾದರೆ ಬೇರೆ ಕಡೆ ಬರೆದು ಚಿತ್ರವಾಗಿ ಉಳಿಸಿ ತಂದು ಹಾಕಿ.

ಸಂಗೀತಕ್ಕೆ ಸಾಹಿತ್ಯ ಇರುವ ಹಾಡು ಬೇಡ. ಹಾಡಿನ ಪದ, ನಿರೂಪಣೆಯ ಪದ ಎರಡೂ ಒಂದೇ ಕಿವಿಗೆ ಬಂದು ಗೋಜಲಾಗುತ್ತದೆ. ಸಿನಿಮಾ ಹಾಡು ಹಾಕಿದ ವಿಡಿಯೊವನ್ನು ಆಮೇಲೆ ಯೂಟ್ಯೂಬಿಗೆ ಏರಿಸಿದರೆ ಹಕ್ಕಿನ ತಕರಾರು ಬರುತ್ತದೆ. ಶಾಲೆಯ ಹಳೆಯ ವಿದ್ಯಾರ್ಥಿ ಯಾರಾದರೂ ಕೊಳಲೋ ಪಿಟೀಲೋ ನುಡಿಸುತ್ತಿದ್ದರೆ ಎರಡು ನಿಮಿಷ ನುಡಿಸಿ ಕೊಡಲು ಕೇಳಿ, ಅದಕ್ಕಿಂತ ಒಳ್ಳೆಯದಿಲ್ಲ. ನಾಡಗೀತೆಯ ಧಾಟಿ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ, ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಮಾತು ಬಂದಾಗ ಸಂಗೀತ ಪೂರ್ತಿ ತಗ್ಗಿ, ಇದೆಯೋ ಇಲ್ಲವೋ ಎನ್ನುವಷ್ಟಾಗಬೇಕು. ಇಯರ್‌ಫೋನಿನಲ್ಲಿ ಸರಿ ಅನಿಸಿದ್ದು ಸಭೆಯ ಸ್ಪೀಕರಿನಲ್ಲಿ ಜಾಸ್ತಿಯೇ ಆಗುತ್ತದೆ, ಅದಕ್ಕಿಂತ ಇನ್ನೂ ಒಂದು ಹಂತ ಇಳಿಸಿ.

ಹಿಂದಿನ ದಿನ

ಚಿತ್ರ ಹಾಕುವ ಮುಂಚೆ ಒಮ್ಮೆ ಬರೀ ದನಿ ಕೇಳಿಸಿಕೊಂಡು ಕಣ್ಣು ಮುಚ್ಚಿ ಕೂತಿರಿ, ಆಮೇಲೆ ಸದ್ದು ಆರಿಸಿ ಬರೀ ಚಿತ್ರ ನೋಡಿ. ದನಿ ಕೇಳುವಾಗ ಬೇಸರವಾದ ಕಡೆ ಮಾತು ಹೆಚ್ಚಾಗಿದೆ, ಚಿತ್ರ ನೋಡುವಾಗ ಓಡಿದಂತೆ ಅನಿಸಿದ ಕಡೆ ಫೋಟೊ ಹೆಚ್ಚಾಗಿದೆ. ಮೇಡಂ ಅವರ ಮಕ್ಕಳಲ್ಲಿ ಒಬ್ಬರಿಗೆ ಗುಟ್ಟಾಗಿ ತೋರಿಸಿ. ಹೊರಗೆ ಕಾಣಬಾರದ ಫೋಟೊ, ತಪ್ಪು ಹೆಸರು ಅವರ ಕಣ್ಣಿಗೆ ಬೀಳುತ್ತದೆ.

ಕೊನೆಯ ಫೈಲು ಎಂಪಿ4 ಆಗಿರಲಿ. ಒಂದು ಲ್ಯಾಪ್‌ಟಾಪಿನಲ್ಲಿ, ಎರಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಜಾಗದಲ್ಲಿ ಇಂಟರ್ನೆಟ್ ಸಿಗುತ್ತದೆಂದು ನಂಬಿ ಡ್ರೈವ್ ಲಿಂಕಿನಿಂದ ಹಾಕಲು ಹೋಗಬೇಡಿ. ಹಿಂದಿನ ದಿನ ಸಮಾರಂಭ ನಡೆಯುವ ಹೊತ್ತಿಗೇ ಅಲ್ಲಿ ಒಮ್ಮೆ ಹಾಕಿ ನೋಡಿ, ಏಕೆಂದರೆ ಬೆಳಿಗ್ಗೆ ಹನ್ನೊಂದರ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ ಎಂಬುದು ಸಂಜೆ ಹೋದರೆ ತಿಳಿಯುವುದಿಲ್ಲ. ಕಡು ಬಣ್ಣದ ಸೀರೆ, ಕಪ್ಪು ಬೋರ್ಡು ಪರದೆಯ ಮೇಲೆ ಒಂದೇ ಮಸಿಯಂತೆ ಕಂಡರೆ ಆ ದೃಶ್ಯಗಳ ಬೆಳಕನ್ನು ಆಪ್‌ನಲ್ಲಿ ಸ್ವಲ್ಪ ಏರಿಸಿ. ಪ್ರೊಜೆಕ್ಟರ್ ಕೇಬಲ್ಲಿನಲ್ಲಿ ಚಿತ್ರ ಬಂದು ಸದ್ದು ಲ್ಯಾಪ್‌ಟಾಪಿನಲ್ಲೇ ಉಳಿಯುವುದು ಎಲ್ಲ ಕಡೆ ಆಗುವ ತೊಂದರೆ. ಮೈಕ್‌ಸೆಟ್‌ನವರಿಗೆ ಲ್ಯಾಪ್‌ಟಾಪಿನ ಇಯರ್‌ಫೋನ್ ರಂಧ್ರಕ್ಕೆ ಹಾಕುವ ಉದ್ದದ ವೈರ್ ತರಲು ಮೊದಲೇ ಹೇಳಿ, ಸೀಮೆಸುಣ್ಣದ ಸದ್ದು ಕೊನೆಯ ಸಾಲಿಗೆ ಕೇಳಿಸುವವರೆಗೆ ದನಿ ಹೊಂದಿಸಿ. ಅದು ಕೇಳಿಸಿದರೆ ಮಿಕ್ಕಿದ್ದೆಲ್ಲ ಕೇಳಿಸುತ್ತದೆ. ಕರೆಂಟ್ ಹೋದರೆ ಜನರೇಟರ್ ಶುರು ಮಾಡುವವರು ಯಾರು, ಪ್ರೊಜೆಕ್ಟರ್ ಮತ್ತೆ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ವಿಡಿಯೊ ನಡುವೆ ನಿಂತರೆ ಮೊದಲಿನಿಂದ ಹಾಕಬೇಡಿ, ನಿಂತ ಜಾಗಕ್ಕಿಂತ ಹತ್ತು ಸೆಕೆಂಡು ಹಿಂದಿನಿಂದ ಮುಂದುವರಿಸಿ.

ಸಮಾರಂಭ ಮುಗಿದ ವಾರದೊಳಗೆ, ಸ್ಕ್ಯಾನ್ ಮಾಡಿದ ಎಲ್ಲ ಫೋಟೊ, ಬಳಸದೆ ಉಳಿದ ಕ್ಲಿಪ್‌ಗಳ ಪೂರ್ತಿ ರೆಕಾರ್ಡಿಂಗ್ ಸಮೇತ ಒಂದು ಪೆನ್‌ಡ್ರೈವನ್ನು ಮೇಡಂ ಮನೆಗೆ ತಲುಪಿಸಿ, ಅವರ ಆಲ್ಬಮ್ಮಿನ ಮೂಲ ಫೋಟೊಗಳನ್ನು ಪುಸ್ತಕದಲ್ಲಿ ಬರೆದುಕೊಂಡ ಪ್ರಕಾರ ಒಂದೊಂದಾಗಿ ಎಣಿಸಿ ಕೊಡಿ. ಇನ್ನೊಂದು ಪ್ರತಿ ಶಾಲೆಯ ಕಚೇರಿಗಿರಲಿ.